ರಾತ್ರಿ ಮಗು ಚೀರಿ ಎದ್ದರೆ ಮೊದಲು ಗಡಿಯಾರ ನೋಡಿ: ನೈಟ್ ಟೆರರ್, ಕೆಟ್ಟ ಕನಸು, ನಿದ್ದೆಯಲ್ಲಿ ನಡೆಯುವುದು

ನನ್ನ ಮಗಳಿಗೆ ಆಗ ನಾಲ್ಕೂವರೆ ವರ್ಷ. ಮಲಗಿ ಒಂದೂವರೆ ಗಂಟೆ ಆಗಿರಬೇಕು, ಒಮ್ಮೆಲೇ ಚೀರಿಕೊಂಡು ಎದ್ದು ಕೂತಳು. ಓಡಿಹೋಗಿ ಎತ್ತಿಕೊಂಡೆ. ಕಣ್ಣು ಪೂರ್ತಿ ತೆರೆದಿತ್ತು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತು ಅಂದರೆ ನನ್ನ ಕೈಗೇ ಗೊತ್ತಾಗುತ್ತಿತ್ತು. ನನ್ನ ತೋಳಲ್ಲೇ ಇದ್ದುಕೊಂಡು, ನನ್ನನ್ನೇ ಒದ್ದು ದೂಡುತ್ತಾ, "ಅಮ್ಮ ಬೇಕು, ಅಮ್ಮ ಬೇಕು" ಅಂತ ಕಿರುಚುತ್ತಿದ್ದಳು.

ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ಲೈಟ್ ಹಾಕಿದೆ, ಭುಜ ಹಿಡಿದು ಅಲುಗಾಡಿಸಿದೆ, "ಇಲ್ಲಿ ನೋಡು ಪುಟ್ಟಿ, ಅಮ್ಮ ನಾನೇ" ಅಂತ ಕೂಗಿದೆ. ನಾನು ಗಟ್ಟಿಯಾಗಿ ಹಿಡಿದಷ್ಟೂ ಅವಳು ಜಾಸ್ತಿ ಚೀರಿದಳು. ಹತ್ತು ನಿಮಿಷ ಆದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ತಲೆ ವಾಲಿಸಿ ಮಲಗಿಬಿಟ್ಟಳು. ಬೆಳಿಗ್ಗೆ ಕೇಳಿದರೆ ಅವಳಿಗೆ ಒಂದು ಚೂರೂ ನೆನಪಿರಲಿಲ್ಲ. ಆ ರಾತ್ರಿ ನಿದ್ದೆಗೆಟ್ಟು ಕೂತವಳು ನಾನೊಬ್ಬಳೇ.

ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಆಗುತ್ತೆ?" ಏನು ಕನಸು ಕಂಡಳು, ಏನು ನೋಡಿ ಹೆದರಿದಳು ಅಂತ ಅವರು ಕೇಳಲೇ ಇಲ್ಲ. ಯಾಕೆ ಅಂತ ಅರ್ಥ ಆದ ಮೇಲೆ ಉಳಿದದ್ದೆಲ್ಲ ಸುಲಭ ಆಯಿತು.

ಸಮಯ ಯಾಕೆ ಮುಖ್ಯ

ರಾತ್ರಿಯ ನಿದ್ದೆ ಉದ್ದಕ್ಕೂ ಒಂದೇ ಥರ ಇರಲ್ಲ. ಮಲಗಿದ ಮೊದಲ ಮೂರ್ನಾಲ್ಕು ಗಂಟೆಯಲ್ಲಿ ಗಾಢ ನಿದ್ದೆ ಜಾಸ್ತಿ. ಮಕ್ಕಳಿಗಂತೂ ಅದು ಎಷ್ಟು ಗಟ್ಟಿ ಅಂದರೆ, ಮಂಚದಿಂದ ಎತ್ತಿ ಬೇರೆ ಕೋಣೆಯಲ್ಲಿ ಮಲಗಿಸಿದರೂ ಎಚ್ಚರ ಆಗಲ್ಲ. ಬೆಳಗಿನ ಜಾವ ಹತ್ತಿರ ಆದ ಹಾಗೆ ಕನಸಿನ ನಿದ್ದೆ ಹೆಚ್ಚುತ್ತದೆ. ಕಣ್ಣುಗುಡ್ಡೆ ರೆಪ್ಪೆಯೊಳಗೇ ಚುರುಕಾಗಿ ಓಡಾಡುತ್ತಿರುತ್ತದಲ್ಲ, ಆ ನಿದ್ದೆ.

ನನ್ನ ಮಗಳಿಗೆ ಆದಂಥ ಚೀರಾಟಕ್ಕೆ ನೈಟ್ ಟೆರರ್ ಅನ್ನುತ್ತಾರೆ. ಅದು ಮತ್ತು ನಿದ್ದೆಯಲ್ಲಿ ನಡೆಯುವುದು, ಎರಡೂ ಆಗುವುದು ಗಾಢ ನಿದ್ದೆಯಲ್ಲಿ. ಗಾಢ ನಿದ್ದೆಯಿಂದ ಹಗುರ ನಿದ್ದೆಗೆ ಬರುವಾಗ ಮೆದುಳು ಅರ್ಧ ಮಾತ್ರ ಎಚ್ಚರವಾಗುತ್ತದೆ. ಕೈಕಾಲು ಆಡಿಸುವ ಭಾಗ, ಭಯಪಡುವ ಭಾಗ ಎದ್ದುಬಿಡುತ್ತವೆ. ಎದುರಿಗಿರುವವರನ್ನು ಗುರುತು ಹಿಡಿಯುವ, ಯೋಚಿಸುವ, ನೆನಪಿಟ್ಟುಕೊಳ್ಳುವ ಭಾಗ ಮಲಗೇ ಇರುತ್ತದೆ. ಭಯ ಜೋರಾದರೆ ಚೀರಾಟ, ಕಾಲು ಎದ್ದರೆ ನಡಿಗೆ. ಅವೆರಡೂ ಒಂದೇ ಬೇರಿನವು. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 2,000 ಮಕ್ಕಳನ್ನು ಹಸುಗೂಸಿನಿಂದ 13 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಲ್ಲಿ ನೈಟ್ ಟೆರರ್ ಇದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮುಂದೆ ನಿದ್ದೆಯಲ್ಲಿ ನಡೆದರು ಅಂತ ಅದರಲ್ಲಿದೆ. ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮ ಇಬ್ಬರೂ ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ನಡೆದವರಾಗಿದ್ದರೆ ಅವರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡೆದಿದ್ದರು. ನನ್ನ ಗಂಡನೂ ಚಿಕ್ಕವನಿದ್ದಾಗ ರಾತ್ರಿ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದ ಅನ್ನೋದು ಅತ್ತೆ ಹೇಳಿದ ಮೇಲೆ ನಮಗೆ ಗೊತ್ತಾಗಿದ್ದು.

ಕೆಟ್ಟ ಕನಸು ಬೇರೆಯದೇ ವಿಷಯ. ಅದು ಕನಸಿನ ನಿದ್ದೆಯದ್ದು, ಹಾಗಾಗಿ ಸಾಮಾನ್ಯವಾಗಿ ರಾತ್ರಿಯ ಕೊನೆಯ ಭಾಗದಲ್ಲಿ, ನಸುಕಿಗೆ ಬರುತ್ತದೆ. ಕನಸು ಬೀಳುವಾಗ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಸುಮ್ಮನಿರುತ್ತವೆ. ಅದಕ್ಕೇ ಮಗು ಕನಸಿನ ನಡುವೆ ಎದ್ದು ಓಡಲ್ಲ. ಕನಸು ಮುಗಿದು ಪೂರ್ತಿ ಎಚ್ಚರ ಆದ ಮೇಲೆ ಅಳುತ್ತದೆ.

ಯಾವುದು ಅಂತ ಪತ್ತೆ ಹಚ್ಚುವುದು

ರಾತ್ರಿ ಕೂಗು ಕೇಳಿದ ಕೂಡಲೇ ಗಡಿಯಾರ ನೋಡಿ. ಮಲಗಿ ಒಂದರಿಂದ ಮೂರು ಗಂಟೆ ಆಗಿದ್ದರೆ ನೈಟ್ ಟೆರರ್ ಇರಬಹುದು. ನಸುಕಿನ ನಾಲ್ಕೋ ಐದೋ ಆಗಿದ್ದರೆ ಕೆಟ್ಟ ಕನಸು ಇರಬಹುದು.

ಹತ್ತಿರ ಹೋದಾಗ ಮಗು ನಿಮ್ಮನ್ನು ಗುರುತು ಹಿಡಿಯುತ್ತದಾ ನೋಡಿ. ಕೆಟ್ಟ ಕನಸು ಕಂಡ ಮಗು ನಿಮ್ಮ ಕುತ್ತಿಗೆಗೆ ಕೈ ಹಾಕಿ ತಬ್ಬಿಕೊಳ್ಳುತ್ತದೆ, "ನಾಯಿ ಅಟ್ಟಿಸಿಕೊಂಡು ಬಂತು" ಅಂತ ಹೇಳುತ್ತದೆ, ಮತ್ತೆ ಮಲಗೋಕೆ ಹೆದರುತ್ತದೆ. ನೈಟ್ ಟೆರರ್ ಬಂದ ಮಗು ನಿಮ್ಮ ಮುಖವನ್ನೇ ನೋಡುತ್ತಿದ್ದರೂ ನಿಮ್ಮ ಆಚೆಗೆ ಏನನ್ನೋ ನೋಡಿದ ಹಾಗಿರುತ್ತದೆ. ಮುಟ್ಟಿದರೆ ದೂಡುತ್ತದೆ. ಮುಗಿದ ಮೇಲೆ ಯಾವ ಭಯವೂ ಇಲ್ಲದೆ ಮಲಗುತ್ತದೆ.

ಇನ್ನು ಬೆಳಗಿನ ನೆನಪು. ಕೆಟ್ಟ ಕನಸು ತಿಂಡಿ ಹೊತ್ತಿಗೂ ನೆನಪಿರಬಹುದು. ನೈಟ್ ಟೆರರ್ ನೆನಪಿರಲ್ಲ. ಸ್ವಲ್ಪ ದೊಡ್ಡ ಮಕ್ಕಳು ಕೆಲವರು "ಏನೋ ಭಯ ಆಯ್ತು" ಅನ್ನಬಹುದು, ಅದಕ್ಕಿಂತ ಹೆಚ್ಚು ಹೇಳೋಕೆ ಆಗಲ್ಲ.

ನಿದ್ದೆಯಲ್ಲಿ ನಡೆಯುವುದನ್ನು ಗುರುತಿಸುವುದು ಕಷ್ಟ ಅಲ್ಲ. ಮುಖದಲ್ಲಿ ಭಾವನೆ ಇರಲ್ಲ, ಕಣ್ಣು ತೆರೆದಿರುತ್ತದೆ, ಕೇಳಿದ್ದಕ್ಕೆ ತಾಳಮೇಳ ಇಲ್ಲದ ಉತ್ತರ ಕೊಡುತ್ತದೆ. ಬಚ್ಚಲು ಅಂತ ತಿಳಿದು ಕೋಣೆಯ ಮೂಲೆಯಲ್ಲಿ ಮೂತ್ರ ಮಾಡುವುದೂ ಉಂಟು. ಅದಕ್ಕೆ ಬೈಯಬೇಡಿ, ಆ ಮಗುವಿಗೆ ಅದು ಗೊತ್ತೇ ಇರಲ್ಲ.

ನೈಟ್ ಟೆರರ್ ಬಂದ ಆ ಹತ್ತು ನಿಮಿಷ

ಇಲ್ಲಿ ಕರುಳಿನ ಮಾತು ಕೇಳಿದರೆ ತಪ್ಪಾಗುತ್ತದೆ. ಎಬ್ಬಿಸಬೇಕು, ಅಪ್ಪಿಕೊಳ್ಳಬೇಕು ಅಂತ ಅನಿಸುತ್ತದೆ. ಆದರೆ ಮಗುವಿನ ಅರ್ಧ ಮೆದುಳಿಗೆ ನೀವು ಯಾರು ಅಂತ ಗೊತ್ತಿಲ್ಲ. ಬಿಗಿಯಾಗಿ ಹಿಡಿದ ಕೈ ಅದಕ್ಕೆ ದಾಳಿ ಮಾಡಿದ ಹಾಗೆ. ಹಿಡಿದಷ್ಟೂ ಚೀರಾಟ ಉದ್ದ ಆಗುತ್ತದೆ.

ದೊಡ್ಡ ಲೈಟ್ ಹಾಕಬೇಡಿ, ದಾರಿ ಕಾಣುವಷ್ಟು ಬೆಳಕು ಸಾಕು. ಮಂಚದ ಪಕ್ಕ, ಮಗು ಉರುಳಿದರೆ ತಡೆಯುವ ಹಾಗೆ ಕೂತುಕೊಳ್ಳಿ. ಗೋಡೆಗೆ ತಲೆ ಬಡಿಯುವ ಹಾಗಿದ್ದರೆ ನಡುವೆ ದಿಂಬು ಇಡಿ. ಪ್ರಶ್ನೆ ಕೇಳಬೇಡಿ. "ಮಲಗು ಕಂದ, ಇಲ್ಲೇ ಇದೀನಿ" ಅನ್ನೋ ಒಂದೇ ಮಾತನ್ನು ಮೆಲ್ಲಗೆ, ಒಂದೇ ದನಿಯಲ್ಲಿ ಹೇಳುತ್ತಾ ಇದ್ದರೆ ಸಾಕು. ಬೆನ್ನ ಮೇಲೆ ಕೈ ಇಟ್ಟಾಗ ದೂಡದಿದ್ದರೆ ಕೈ ಹಾಗೇ ಇರಲಿ, ದೂಡಿದರೆ ತೆಗೆದುಬಿಡಿ. ಮುಖಕ್ಕೆ ನೀರು ಚಿಮುಕಿಸುವುದು, ಕೆನ್ನೆ ತಟ್ಟುವುದು ಬೇಡವೇ ಬೇಡ. ನಮ್ಮನೆಯಲ್ಲಿ ಒಂದು ಸಲ ನೀರು ಚಿಮುಕಿಸಿದ್ದರು. ಮಗು ಆಗ ನಿಜವಾಗಿ ಎಚ್ಚರ ಆಯಿತು. ಒದ್ದೆ ಮುಖ, ಸುತ್ತ ಗಾಬರಿಯಲ್ಲಿ ನಿಂತ ದೊಡ್ಡವರನ್ನು ನೋಡಿ ನಿಜವಾಗಿ ಹೆದರಿತು. ಅಲ್ಲಿಯವರೆಗೆ ಅದಕ್ಕೆ ಗೊತ್ತಿಲ್ಲದಿದ್ದ ಭಯವನ್ನು ನಾವೇ ತಂದಿಟ್ಟ ಹಾಗಾಯಿತು.

ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ಒಮ್ಮೊಮ್ಮೆ ಅರ್ಧ ಗಂಟೆ ಹತ್ತಿರ ಹೋಗುವುದೂ ಇದೆ. ಮೈ ಸಡಿಲ ಆಗಿ, ಉಸಿರು ನಿಧಾನ ಆದರೆ ಮುಗಿಯಿತು ಅಂತ ಅರ್ಥ. ಆಗ ಮೆಲ್ಲಗೆ ಮಲಗಿಸಿ ಹೊದಿಸಿ. ಬೆಳಿಗ್ಗೆ "ರಾತ್ರಿ ಎಷ್ಟು ಕಿರುಚಿದೆ ಗೊತ್ತಾ" ಅಂತ ಕೆದಕಬೇಡಿ. ತನಗೇ ಗೊತ್ತಿಲ್ಲದ ಹಾಗೆ ಏನೋ ಆಗುತ್ತದೆ ಅಂತ ತಿಳಿದರೆ ಮಗುವಿಗೆ ಮಲಗೋದಕ್ಕೇ ಹೆದರಿಕೆ ಶುರುವಾಗುತ್ತದೆ. ನಿದ್ದೆ ಕಡಿಮೆ ಆದರೆ ನೈಟ್ ಟೆರರ್ ಇನ್ನೂ ಹೆಚ್ಚುತ್ತದೆ.

ಎದ್ದು ನಡೆಯುವ ಮಗು

ನಡೆಯುತ್ತಿರುವ ಮಗುವನ್ನು ಎಬ್ಬಿಸಿದರೆ ಅನಾಹುತ ಆಗುತ್ತದೆ ಅನ್ನೋದು ನಿಜ ಅಲ್ಲ. ತಬ್ಬಿಬ್ಬಾಗಬಹುದು, ಕೊಸರಾಡಬಹುದು, ಅಷ್ಟೇ. ಆದರೂ ಎಬ್ಬಿಸುವ ಅಗತ್ಯ ಇಲ್ಲ. ಭುಜದ ಮೇಲೆ ಹಗುರಾಗಿ ಕೈ ಇಟ್ಟು ಹಾಸಿಗೆ ಕಡೆ ತಿರುಗಿಸಿದರೆ ಹೆಚ್ಚಿನ ಮಕ್ಕಳು ಬಂದು ಮಲಗುತ್ತಾರೆ. ದಾರಿಯಲ್ಲಿ ಬಚ್ಚಲಿಗೆ ಕರೆದುಕೊಂಡು ಹೋಗಿ ಬನ್ನಿ. ಮೂತ್ರ ಕಟ್ಟಿಕೊಂಡಿದ್ದೇ ಎದ್ದಿದ್ದಕ್ಕೆ ಕಾರಣ ಇರಬಹುದು.

ನಡಿಗೆಯಲ್ಲಿ ಅಪಾಯ ಇರುವುದು ಮನೆಯ ವಸ್ತುಗಳಿಂದ. ನಿದ್ದೆಯಲ್ಲಿರುವ ಮಗು ಚಿಲಕ ತೆಗೆಯುತ್ತದೆ, ಮೆಟ್ಟಿಲು ಇಳಿಯುತ್ತದೆ, ಆದರೆ ಕಿಟಕಿ ಯಾವುದು ಬಾಗಿಲು ಯಾವುದು ಅಂತ ಲೆಕ್ಕ ಹಾಕಲ್ಲ. ಹಾಗಾಗಿ ಹೊರಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿ. ಮಗುವಿನ ಕೋಣೆಗೆ ಮಾತ್ರ ಹೊರಗಿನಿಂದ ಬೀಗ ಹಾಕಬೇಡಿ, ಬೆಂಕಿ ಹೊತ್ತಿಕೊಂಡರೆ ಅದೇ ಉರುಳಾಗುತ್ತದೆ. ಅದರ ಬದಲು ಬಾಗಿಲಿಗೆ ಒಂದು ಗಂಟೆ ಕಟ್ಟಿ, ತೆರೆದರೆ ನಿಮಗೆ ಎಚ್ಚರ ಆಗಬೇಕು. ಎರಡು ಅಂತಸ್ತಿನ ಮಂಚ ಇದ್ದರೆ ಕೆಳಗಿನದರಲ್ಲೇ ಮಲಗಿಸಿ. ಮೆಟ್ಟಿಲಿಗೆ ಗೇಟ್, ಕಿಟಕಿಗೆ ಗಟ್ಟಿ ಚಿಲಕ, ಬಾಲ್ಕನಿಗೆ ಬೀಗ ಇರಲಿ. ರಾತ್ರಿ ಮಲಗುವ ಮುಂಚೆ ನೆಲದ ಮೇಲಿನ ಆಟಿಕೆ, ವೈರು ಎತ್ತಿಡಿ. ಮಗು ಬೇರೆ ಮನೆಯಲ್ಲಿ ಉಳಿಯುವ ದಿನ ಅಲ್ಲಿನ ದೊಡ್ಡವರಿಗೆ ಮೊದಲೇ ಹೇಳಿಡಿ. ಹೊಸ ಜಾಗದಲ್ಲಿ ನಡಿಗೆ ಹೆಚ್ಚಾಗುವ ಸಾಧ್ಯತೆ ಇದೆ.

ಮತ್ತೆ ಮತ್ತೆ ಬರದ ಹಾಗೆ: ನಾವು ಮಾಡಿದ್ದು

ಗಾಢ ನಿದ್ದೆಯ ಈ ತೊಂದರೆಗಳನ್ನು ಕೆಣಕುವ ದೊಡ್ಡ ಕಾರಣ ನಿದ್ದೆ ಸಾಲದೆ ಇರುವುದು. ನಿದ್ದೆ ಬಾಕಿ ಉಳಿದ ಮಗು ಮಲಗಿದ ಕೂಡಲೇ ಆ ಬಾಕಿ ತೀರಿಸೋಕೆ ಇನ್ನೂ ಗಾಢವಾಗಿ ನಿದ್ದೆ ಮಾಡುತ್ತದೆ. ಅಲ್ಲಿಂದ ಮೇಲೆ ಬರುವಾಗ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಜ್ವರ, ಜೋರು ಶಬ್ದ, ತುಂಬಿದ ಮೂತ್ರಕೋಶ ಕೂಡ ಕೆಣಕುತ್ತವೆ. ಬೇಗ ನಿದ್ದೆ ಬರಲಿ ಅಂತ ಮಂಪರು ಬರಿಸುವ ನೆಗಡಿ ಔಷಧಿಯನ್ನು ನೀವಾಗೇ ಕೊಡಬೇಡಿ. ಅಂಥ ಕೆಲವು ಔಷಧಿಗಳಿಂದಲೇ ಇದು ಹೆಚ್ಚಾಗಬಹುದು.

ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ, ಮಧ್ಯಾಹ್ನದ ನಿದ್ದೆಯೂ ಸೇರಿ, 10ರಿಂದ 13 ಗಂಟೆ ನಿದ್ದೆ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ನನ್ನ ಮಗಳು ರಾತ್ರಿ 9:15ಕ್ಕೆ ನಿದ್ದೆ ಹೋಗಿ ಬೆಳಿಗ್ಗೆ 6:30ಕ್ಕೆ ಏಳುತ್ತಿದ್ದಳು. ಮಧ್ಯಾಹ್ನ ಮಲಗುವುದನ್ನು ಆಗಷ್ಟೇ ಬಿಟ್ಟಿದ್ದಳು. ಲೆಕ್ಕ ಹಾಕಿದರೆ ಒಂಬತ್ತೂಕಾಲು ಗಂಟೆ. ಚೀರಾಟ ಶುರುವಾದದ್ದೂ ಮಧ್ಯಾಹ್ನದ ನಿದ್ದೆ ನಿಂತ ಮೂರನೇ ವಾರದಲ್ಲೇ. ಅದನ್ನು ನಾವು ಜೋಡಿಸಿ ನೋಡಿಯೇ ಇರಲಿಲ್ಲ.

ಮೊದಲ ಕೆಲಸ, ಬರೆದಿಡುವುದು. ಮಂಚದ ಪಕ್ಕ ಒಂದು ಪುಸ್ತಕ ಇಟ್ಟು ಹತ್ತು ರಾತ್ರಿ ಮೂರೇ ವಿಷಯ ಬರೆದೆ: ನಿದ್ದೆ ಹತ್ತಿದ ಸಮಯ, ಚೀರಿದ ಸಮಯ, ಆವತ್ತು ಏನಾದರೂ ಬೇರೆ ಇತ್ತಾ. ಹತ್ತರಲ್ಲಿ ಏಳು ರಾತ್ರಿ ಬಂದಿತ್ತು, ಎಲ್ಲವೂ 10:35ರಿಂದ 10:55ರ ಒಳಗೆ. ಅಂದರೆ ನಿದ್ದೆ ಹತ್ತಿ 80ರಿಂದ 100 ನಿಮಿಷಕ್ಕೆ. ಹಾಸಿಗೆಗೆ ಹೋದ ಸಮಯ ಬರೆದರೆ ಈ ಲೆಕ್ಕ ಸಿಗಲ್ಲ. ಮಗು ಹೊರಳಾಡುವುದು ನಿಂತ ಗಳಿಗೆಯೇ ಬೇಕು.

ಎರಡನೇ ಕೆಲಸ, ನಿದ್ದೆ ಹೆಚ್ಚಿಸುವುದು. ಒಂದೇ ದಿನ ಒಂದು ಗಂಟೆ ಮುಂಚೆ ಮಲಗಿಸಿದರೆ ಮಗು ಸುಮ್ನೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತದೆ. ನಾವು ಎರಡು ಮೂರು ರಾತ್ರಿಗೆ 15 ನಿಮಿಷದಂತೆ ಹಿಂದಕ್ಕೆ ತಂದೆವು. ಊಟ ಮುಂಚೆ, ಟಿವಿ ಮೊಬೈಲು ಒಂದು ಗಂಟೆ ಮೊದಲೇ ಬಂದ್, ಮಲಗೋ ಮುಂಚೆ ಬಚ್ಚಲಿಗೆ. ಎರಡು ವಾರದಲ್ಲಿ 8:15ಕ್ಕೆ ನಿದ್ದೆ ಹತ್ತುವಂತಾಯಿತು. ವಾರಕ್ಕೆ ಐದಾರು ಇದ್ದದ್ದು ಎರಡಕ್ಕೆ ಇಳಿಯಿತು. ಎಷ್ಟೋ ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ.

ನಮಗೆ ಆ ಎರಡು ಉಳಿದೇ ಹೋಯಿತು. ಆಗ ಡಾಕ್ಟರು ಮೂರನೇ ಕೆಲಸ ಹೇಳಿದರು: ಚೀರುವ ಮುಂಚೆಯೇ ಎಬ್ಬಿಸುವುದು. 1988ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು 19 ಮಕ್ಕಳ ಮೇಲೆ ಇದನ್ನು ಮಾಡಿ ನೋಡಿ ಬರೆದರು, ಆಮೇಲೆ ಬಹಳ ಕಡೆ ಬಳಕೆಗೆ ಬಂತು. ಔಷಧಿ ಏನೂ ಇಲ್ಲ. ಮಾಮೂಲಿ ಸಮಯಕ್ಕೆ 15ರಿಂದ 30 ನಿಮಿಷ ಮುಂಚೆ ಮಗುವನ್ನು ಮೆಲ್ಲಗೆ ಎಚ್ಚರ ಮಾಡಿದರೆ, ಗಾಢ ನಿದ್ದೆ ಅಲ್ಲಿಗೆ ಮುರಿದು ಹೊಸದಾಗಿ ನಿದ್ದೆ ಶುರುವಾಗುತ್ತದೆ. ಅರ್ಧ ಎಚ್ಚರದ ಆ ಗಳಿಗೆ ತಪ್ಪಿಹೋಗುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಈಗ ನಿದ್ದೆ ಹತ್ತುವುದು 8:15. ಅದಕ್ಕೆ 80 ನಿಮಿಷ ಸೇರಿಸಿದರೆ 9:35. ಅದಕ್ಕೆ 15 ನಿಮಿಷ ಮುಂಚೆ, 9:20ಕ್ಕೆ ಅಲಾರಂ ನನ್ನ ಮೊಬೈಲಿನಲ್ಲಿ, ಅವಳ ಕೋಣೆಯಿಂದ ದೂರ. ಹಳೆಯ 10:35ರ ಲೆಕ್ಕದಲ್ಲೇ ಇದ್ದಿದ್ದರೆ ತಪ್ಪುತ್ತಿತ್ತು. ಮಲಗುವ ಹೊತ್ತು ಸರಿದರೆ ಚೀರುವ ಹೊತ್ತೂ ಜೊತೆಗೆ ಸರಿಯುತ್ತದೆ. ಹೋಗಿ ಕೂದಲು ನೇವರಿಸಿ, ಹೆಸರು ಕರೆದು, ಎಬ್ಬಿಸಿ ಕೂರಿಸುತ್ತಿದ್ದೆ. "ನೀರು ಬೇಕಾ?" ಅಂತ ಕೇಳಿದರೆ ಕಣ್ಣು ಉಜ್ಜಿಕೊಂಡು "ಬೇಡ" ಅನ್ನುತ್ತಿದ್ದಳು. ಆ "ಬೇಡ" ಬೇಕು. ಮಗು ಸುಮ್ನೆ ಮಗ್ಗುಲಾದರೆ ಎಚ್ಚರ ಆಗಿದೆ ಅಂತ ಅಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಬರಬೇಕು. ಐದು ನಿಮಿಷ ಎಚ್ಚರ ಇಟ್ಟು ಮತ್ತೆ ಮಲಗಿಸುತ್ತಿದ್ದೆ.

ನಾಲ್ಕನೇ ರಾತ್ರಿ ಎಡವಟ್ಟಾಯಿತು. ಅತಿಥಿಗಳಿದ್ದರು, ನಾನು ಹೋದಾಗ 9:35. ಮುಟ್ಟಿದ ಕೂಡಲೇ ಚೀರಾಟ ಶುರು. ಎಬ್ಬಿಸಲು ಹೋದಾಗಲೇ ಹೀಗಾದರೆ ತಡವಾಗಿದೆ ಅಂತ ಅರ್ಥ. ಮರುದಿನದಿಂದ 9:20ರ ಅಲಾರಂ ಹತ್ತು ನಿಮಿಷ ಹಿಂದಕ್ಕೆ ಹಾಕಿ, 9:10ಕ್ಕೆ ಎಬ್ಬಿಸಿದೆ. ಮೂರು ವಾರ ಒಂದು ದಿನವೂ ಬಿಡದೆ ಮಾಡಿ ನಿಲ್ಲಿಸಿದೆವು. ಎರಡು ತಿಂಗಳ ಮೇಲೆ ಜ್ವರ ಬಂದ ರಾತ್ರಿ ಒಂದು ಸಲ ಬಂತು. ಅದಕ್ಕಾಗಿ ಮತ್ತೆ ಶುರು ಮಾಡಲಿಲ್ಲ.

ಇದು ಎಲ್ಲರಿಗೂ ಅಲ್ಲ. ಹೆಚ್ಚು ಕಡಿಮೆ ದಿನಾ ಅಥವಾ ವಾರದಲ್ಲಿ ಹಲವು ಸಲ, ಒಂದೇ ಹೊತ್ತಿಗೆ ಬರುವ ಮಗುವಿಗೆ ಮಾತ್ರ ಇದು ಕೂಡಿಬರುತ್ತದೆ. ಒಂದು ದಿನ ಒಂಬತ್ತಕ್ಕೆ, ಇನ್ನೊಂದು ದಿನ ಹನ್ನೊಂದಕ್ಕೆ ಬಂದರೆ ಲೆಕ್ಕ ಸಿಗಲ್ಲ. ತಿಂಗಳಿಗೆ ಒಂದು ಸಲ ಬಂದರೆ ಏನೂ ಮಾಡದೆ ಬಿಡುವುದೇ ಸರಿ. ನಿದ್ದೆ ಸಾಲದ ಮಗುವಿಗೆ ಮೊದಲು ನಿದ್ದೆ ತುಂಬಿಸಿ. ಅದನ್ನು ಬಿಟ್ಟು ಎಬ್ಬಿಸುವ ಕೆಲಸಕ್ಕೆ ಇಳಿದರೆ ಇರುವ ನಿದ್ದೆಯನ್ನೂ ಕಿತ್ತುಕೊಂಡ ಹಾಗೆ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ತಾನಾಗೇ ನಿಂತುಹೋಗುತ್ತದೆ.

ಕೆಟ್ಟ ಕನಸಿಗೆ ಬೇರೆ ದಾರಿ

ಇಲ್ಲಿ ಎಲ್ಲ ತಿರುವುಮುರುವು. ಮಗು ಪೂರ್ತಿ ಎಚ್ಚರ ಇದೆ, ಹೆದರಿದೆ, ನೀವು ಬೇಕು. ತಬ್ಬಿಕೊಳ್ಳಿ. "ಅದೇನಿಲ್ಲ, ಸುಮ್ನೆ ಮಲಗು" ಅನ್ನಬೇಡಿ. "ಕನಸು, ನಿಜ ಅಲ್ಲ, ಆದರೆ ಭಯ ಆಯ್ತು ಅಲ್ವಾ" ಅಂತ ಹೇಳಿದರೆ ಅದಕ್ಕೆ ಸಮಾಧಾನ. ಮಂಚದ ಕೆಳಗೆ ಭೂತ ಇದೆಯಾ ಅಂತ ಟಾರ್ಚ್ ಹಿಡಿದು ಹುಡುಕುವ ಆಟ ಬೇಡ. ದೊಡ್ಡವರೂ ಹುಡುಕುತ್ತಾರೆ ಅಂದರೆ ಇರಬಹುದು ಅಂತಲೇ ಮಗು ಅಂದುಕೊಳ್ಳುತ್ತದೆ.

ಅದೇ ಕನಸು ಮತ್ತೆ ಮತ್ತೆ ಬಂದರೆ ಹಗಲು ಹೊತ್ತಲ್ಲಿ ಕೆಲಸ ಮಾಡಿ. ಕನಸಿನ ಚಿತ್ರ ಬರೆಯೋಕೆ ಹೇಳಿ. ಆಮೇಲೆ ಕೊನೆಯನ್ನು ಮಗುವೇ ಬದಲಾಯಿಸಲಿ. ಅಟ್ಟಿಸಿಕೊಂಡು ಬರುವ ನಾಯಿ ಬಾಲ ಅಲ್ಲಾಡಿಸಿ ಚೆಂಡು ತಂದುಕೊಡಲಿ, ಅಥವಾ ಇರುವೆಯಷ್ಟು ಚಿಕ್ಕದಾಗಲಿ. ಆ ಹೊಸ ಕತೆಯನ್ನು ದಿನಾ ಐದು ಹತ್ತು ನಿಮಿಷ ಮನಸ್ಸಿನಲ್ಲಿ ಓಡಿಸಬೇಕು. ಕನಸಿನ ಚಿಕಿತ್ಸೆಯಲ್ಲಿ ಇದು ಚೆನ್ನಾಗಿ ನೆಲೆಯೂರಿದ ವಿಧಾನ. ಯಾವುದಾದರೂ ಅಪಘಾತ, ಸಾವು, ಹಿಂಸೆ ಕಂಡ ಮೇಲೆ ಶುರುವಾದ ಕನಸಾದರೆ, ಅಥವಾ ಮಗು ಒಬ್ಬ ವ್ಯಕ್ತಿಯನ್ನು, ಒಂದು ಜಾಗವನ್ನು ಹಗಲಲ್ಲೂ ದೂರ ಇಡುತ್ತಿದ್ದರೆ, ತಡಮಾಡದೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ನೋಡಿ.

ಡಾಕ್ಟರ ಹತ್ತಿರ ಯಾವಾಗ

ಗೊರಕೆ ಇದೆಯಾ ಕೇಳಿಸಿಕೊಳ್ಳಿ. ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ಬಾಯಲ್ಲಿ ಉಸಿರಾಟ, ನಡುವೆ ಉಸಿರು ನಿಂತು ಗಕ್ಕನೆ ಎಳೆದುಕೊಳ್ಳುವುದು ಕಂಡರೆ ಟಾನ್ಸಿಲ್, ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ದಪ್ಪ ಇರಬಹುದು. ಉಸಿರು ಕಟ್ಟಿದಾಗಲೆಲ್ಲ ಮೆದುಳು ಅರ್ಧ ಎಚ್ಚರ ಆಗುತ್ತದೆ, ಚೀರಾಟಕ್ಕೂ ನಡಿಗೆಗೂ ಅದೇ ಕಿಡಿ. ಆ ತೊಂದರೆಗೆ ಚಿಕಿತ್ಸೆ ಆದ ಮೇಲೆ ಚೀರಾಟವೂ ನಿಂತ ಮಕ್ಕಳಿದ್ದಾರೆ. ರಾತ್ರಿ ಕಾಲು ಸುಮ್ಮನಿರದೆ ಒದೆಯುತ್ತಿದ್ದರೆ ರಕ್ತದಲ್ಲಿ ಕಬ್ಬಿಣಾಂಶ, ಅದರಲ್ಲೂ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡಿಸಿ.

ಬಹಳ ಎಚ್ಚರ ಬೇಕಾದದ್ದು ಫಿಟ್ಸ್ ವಿಷಯದಲ್ಲಿ. ನಿದ್ದೆಯಲ್ಲೇ ಬರುವ ಒಂದು ಬಗೆಯ ಫಿಟ್ಸ್ ನೋಡೋಕೆ ನೈಟ್ ಟೆರರ್ ಥರಾನೇ ಇರುತ್ತದೆ. ಅದು ಸಾಮಾನ್ಯವಾಗಿ ಎರಡು ನಿಮಿಷಕ್ಕಿಂತ ಕಡಿಮೆ, ಒಂದೇ ರಾತ್ರಿ ಹಲವು ಸಲ, ಯಾವ ಹೊತ್ತಿಗೆ ಬೇಕಾದರೂ ಬರುತ್ತದೆ. ಪ್ರತಿ ಸಲವೂ ಅಚ್ಚು ಹೊಡೆದ ಹಾಗೆ ಅದೇ ಕೈ ತಿರುಚು, ಅದೇ ಕಾಲು ಬಡಿತ. ಮೈ ಸೆಟೆದುಕೊಳ್ಳುವುದು, ಒಂದೇ ಸಮನೆ ಅದುರುವುದು, ನಾಲಿಗೆ ಕಚ್ಚಿಕೊಳ್ಳುವುದು ಇದ್ದರೆ ಕಾಯಬೇಡಿ. ನೈಟ್ ಟೆರರ್ ಸಾಮಾನ್ಯವಾಗಿ ರಾತ್ರಿಗೆ ಒಂದೇ ಸಲ, ಪ್ರತಿ ಸಲ ಸ್ವಲ್ಪ ಬೇರೆ ಬೇರೆ. ಹದಿಹರೆಯದಲ್ಲಿ ಹೊಸದಾಗಿ ಶುರುವಾದರೂ, ಹಗಲಲ್ಲಿ ಮಗು ತೂಕಡಿಸುತ್ತಿದ್ದರೂ, ಪೆಟ್ಟು ಮಾಡಿಕೊಂಡರೂ ತೋರಿಸಬೇಕು.

ಹೋಗುವ ಮುಂಚೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಫ್ಲಾಶ್ ಆರಿಸಿ, ಮುಖವೂ ಎರಡು ಕೈಯೂ ಕಾಣುವ ಹಾಗೆ, ಹೊದಿಕೆ ಸರಿಸಿ, ಶುರುವಿನಿಂದ ಪೂರ್ತಿ ಸುಮ್ಮನಾಗುವವರೆಗೆ ಹಿಡಿಯಿರಿ. ಒಬ್ಬರು ವಿಡಿಯೋ ಮಾಡಲಿ, ಇನ್ನೊಬ್ಬರು ಮಗುವಿನ ಪಕ್ಕದಲ್ಲಿರಲಿ. ಒಬ್ಬರೇ ಇದ್ದರೆ ಮೊಬೈಲನ್ನು ಮೇಜಿಗೆ ಒರಗಿಸಿಟ್ಟು ಮಗುವಿನ ಹತ್ತಿರ ಹೋಗಿ. ಹತ್ತು ರಾತ್ರಿ ಬರೆದಿಟ್ಟ ಪುಸ್ತಕವನ್ನೂ ಜೊತೆಗೆ ಕೊಂಡೊಯ್ಯಿರಿ. ನಮ್ಮ ಡಾಕ್ಟರು ಆ ಪುಟ ನೋಡಿ, ಸಮಯದ ಸಾಲಿನ ಮೇಲೆ ಬೆರಳಿಟ್ಟು, ಆಮೇಲೆಯೇ ಮಾತು ಶುರು ಮಾಡಿದ್ದು.